‘ದಯವಿಟ್ಟು’ ಹಾಕಿದರೆ ಸಾಲದು: ಐಇಎಲ್‌ಟಿಎಸ್ ಪತ್ರದಲ್ಲಿ ಯಾರಿಗೆ ಯಾವ ಧಾಟಿ

ಹೋದ ಮಳೆಗಾಲದಲ್ಲಿ ನನ್ನ ಸಂಜೆ ಬ್ಯಾಚಿಗೆ ತೀರ್ಥಹಳ್ಳಿ ಕಡೆಯ ಒಬ್ಬ ಹುಡುಗಿ ಬರುತ್ತಿದ್ದಳು. ನರ್ಸಿಂಗ್ ಮುಗಿಸಿ ಶಿವಮೊಗ್ಗದಲ್ಲೇ ಕೆಲಸಕ್ಕಿದ್ದಳು. ಕೆನಡಾಕ್ಕೆ ಹೋಗಬೇಕೆಂದು ಐಇಎಲ್‌ಟಿಎಸ್ ಜನರಲ್ ಟ್ರೈನಿಂಗ್ ಪರೀಕ್ಷೆಗೆ ಓದುತ್ತಿದ್ದಳು. ಅಭ್ಯಾಸಕ್ಕೆಂದು ನಾನು ಒಂದು ಪತ್ರದ ಪ್ರಶ್ನೆ ಕೊಟ್ಟೆ. ನೀವು ಬಾಡಿಗೆ ಮನೆಯಲ್ಲಿದ್ದೀರಿ, ಅಡುಗೆಮನೆಯ ಮಾಡು ಸೋರುತ್ತಿದೆ, ಮನೆ ಓನರಿಗೆ ಪತ್ರ ಬರೆಯಿರಿ. ಸಮಸ್ಯೆ ಏನೆಂದು ಹೇಳಿ, ಅದರಿಂದ ಏನು ತೊಂದರೆಯಾಗಿದೆ ಎಂದು ತಿಳಿಸಿ, ಅವರು ಏನು ಮಾಡಬೇಕೆಂದು ಕೇಳಿ.

ಅವಳು ಪ್ರಶ್ನೆ ಓದಿ ನಕ್ಕಳು. “ಸರ್, ಇದಕ್ಕೆ ನಂಗೆ ಪ್ರಾಕ್ಟೀಸೇ ಬೇಡ. ಊರಲ್ಲಿ ನಮ್ಮನೇಲಿ ಈಗ್ಲೂ ಮೂರು ಬಕೆಟ್ ಇಟ್ಟಿದೆ.”

ಇಪ್ಪತ್ತು ನಿಮಿಷದಲ್ಲಿ ಬರೆದು ಕೊಟ್ಟಳು. ‘ರೆಸ್ಪೆಕ್ಟೆಡ್ ಸರ್’ ಎಂದು ಶುರು. ‘ವಿತ್ ಡ್ಯೂ ರೆಸ್ಪೆಕ್ಟ್ ಐ ಬೆಗ್ ಟು ಸ್ಟೇಟ್’ ಎಂದು ಮುಂದಿನ ಸಾಲು. ನಡುವೆ ‘ಪ್ಲೀಸ್ ರಿಪೇರ್ ದ ರೂಫ್ ಇಮ್ಮಿಡಿಯೇಟ್ಲಿ’. ಕೊನೆಗೆ ‘ಕೈಂಡ್ಲಿ ಡೂ ದ ನೀಡ್‌ಫುಲ್’, ಅದರ ಕೆಳಗೆ ‘ಯುವರ್ಸ್ ಒಬೀಡಿಯೆಂಟ್ಲಿ’. ವ್ಯಾಕರಣದ ತಪ್ಪು ಹುಡುಕಿದರೂ ಸಿಗಲಿಲ್ಲ. ಕಾಗುಣಿತವೂ ಸರಿ ಇತ್ತು. ಆದರೂ ಇದು ಒಂದು ಮನೆಯ ಬಾಡಿಗೆದಾರಳು ಓನರಿಗೆ ಬರೆದ ಪತ್ರದಂತೆ ಇರಲಿಲ್ಲ. ಹೈಸ್ಕೂಲು ಹುಡುಗಿ ಹೆಡ್‌ಮಾಸ್ಟರಿಗೆ ಬರೆದ ರಜಾ ಅರ್ಜಿಯಂತಿತ್ತು. ಅದರ ನಡುವೆ ಒಂದು ಸಾಲು ಮಾತ್ರ ಓನರನ್ನೇ ಗದರಿಸುವ ಹಾಗಿತ್ತು. ಯಾವ ಸಾಲು ಅಂತ ಅವಳಿಗೆ ಗೊತ್ತಾಗಲಿಲ್ಲ. ಅವಳ ಕಣ್ಣಿಗೆ ಅದೇ ತುಂಬ ವಿನಯದ ಸಾಲು. ‘ಪ್ಲೀಸ್’ ಇದೆಯಲ್ಲ!

ಈ ಲೇಖನ ಆ ಒಂದು ಸಾಲಿನ ಬಗ್ಗೆ. ಆದರೆ ಅಲ್ಲಿಗೆ ಹೋಗುವ ಮುಂಚೆ ಪರೀಕ್ಷೆ ಏನು ಕೇಳುತ್ತದೆ ಎಂದು ನೋಡಿಬಿಡೋಣ.

ಐಇಎಲ್‌ಟಿಎಸ್‌ನ ಜನರಲ್ ಟ್ರೈನಿಂಗ್‌ನಲ್ಲಿ ಬರವಣಿಗೆಗೆ ಒಟ್ಟು 60 ನಿಮಿಷ. ಎರಡು ಪ್ರಶ್ನೆ. ಮೊದಲನೆಯದು ಪತ್ರ, ಕಡೇ ಪಕ್ಷ 150 ಪದ, ಸುಮಾರು 20 ನಿಮಿಷ ಕೊಡಿ ಎಂದು ಅವರೇ ಹೇಳಿರುತ್ತಾರೆ. ಎರಡನೆಯದು ಪ್ರಬಂಧ, ಅದಕ್ಕೆ ಪತ್ರದ ಎರಡು ಪಟ್ಟು ತೂಕ. ಪತ್ರದ ಪ್ರಶ್ನೆಯಲ್ಲಿ ಒಂದು ಸನ್ನಿವೇಶ ಇರುತ್ತದೆ, ಅದರ ಕೆಳಗೆ ನೀವು ಹೇಳಲೇಬೇಕಾದ ಮೂರು ವಿಷಯ. ವಿಳಾಸ ಬರೆಯುವುದು ಬೇಡ ಎಂದು ಪ್ರಶ್ನೆಯಲ್ಲೇ ಇರುತ್ತದೆ. ನಮ್ಮ ಹುಡುಗರು ಶಾಲೆಯ ಅಭ್ಯಾಸಬಲದಿಂದ ‘ಇವರಿಂದ, ಇವರಿಗೆ, ವಿಷಯ’ ಎಂದೆಲ್ಲ ಬರೆದು ಮೂರು ನಿಮಿಷ ಸುಮ್ನೆ ಕಳೆದುಕೊಳ್ಳುತ್ತಾರೆ.

ಅಂಕ ಕೊಡುವಾಗ ನಾಲ್ಕು ಅಂಶ ನೋಡುತ್ತಾರೆ. ಕೇಳಿದ್ದಕ್ಕೆ ಉತ್ತರ ಬಂದಿದೆಯೇ, ಬರಹ ಹೊಂದಿಕೊಂಡು ಓಡುತ್ತಿದೆಯೇ, ಪದಗಳು ಹೇಗಿವೆ, ವ್ಯಾಕರಣ ಹೇಗಿದೆ. ಧಾಟಿ, ಅಂದರೆ ಇಂಗ್ಲಿಷಿನಲ್ಲಿ ಅವರು ‘ಟೋನ್’ ಎನ್ನುವುದು, ಈ ಮೊದಲನೆಯ ಅಂಶದೊಳಗೆ ಕೂತಿದೆ. ಪರೀಕ್ಷೆ ನಡೆಸುವವರು ಪ್ರಕಟಿಸಿರುವ ಅಂಕದ ಮಾನದಂಡದಲ್ಲಿ ಇದು ಸ್ಪಷ್ಟವಾಗಿದೆ. 7ನೇ ಬ್ಯಾಂಡಿಗೆ ಧಾಟಿ ಸಂದರ್ಭಕ್ಕೆ ಒಪ್ಪಬೇಕು, ಮೊದಲಿಂದ ಕೊನೆಯವರೆಗೆ ಒಂದೇ ಇರಬೇಕು. 6ರಲ್ಲಿ ಧಾಟಿ ಅಲ್ಲಲ್ಲಿ ತಪ್ಪಿರಬಹುದು. 5ರಲ್ಲಿ ಅದು ಏರುಪೇರಾಗಿದ್ದು ಕೆಲವು ಕಡೆ ಒಪ್ಪದೆಯೂ ಇರಬಹುದು.

ಇದರಲ್ಲಿ ಎರಡು ವಿಷಯ ಗಮನಿಸಿ. ಒಂದು, ಧಾಟಿಯೊಂದೇ ನಿಮ್ಮನ್ನು ಮುಳುಗಿಸುವುದಿಲ್ಲ. ಅದು ನಾಲ್ಕರಲ್ಲಿ ಒಂದು ಅಂಶದ ಒಂದು ಭಾಗ, ಅದೂ ಕಡಿಮೆ ತೂಕದ ಪ್ರಶ್ನೆಯಲ್ಲಿ. ಮೂರು ವಿಷಯದಲ್ಲಿ ಒಂದನ್ನು ಬಿಟ್ಟರೆ ಆಗುವ ನಷ್ಟ ಇದಕ್ಕಿಂತ ದೊಡ್ಡದು. ಎರಡು, 6ಕ್ಕೂ 7ಕ್ಕೂ ನಡುವಿನ ಗೆರೆಯ ಮೇಲೇ ಧಾಟಿಯ ಮಾತು ಬರುತ್ತದೆ. ಕೆನಡಾದ ಭಾಷಾ ಅಳತೆಯಲ್ಲಿ ಬರವಣಿಗೆಗೆ 6 ಬಂದರೆ ಸಿಎಲ್‌ಬಿ 7, 7 ಬಂದರೆ ಸಿಎಲ್‌ಬಿ 9. ಅರ್ಜಿಯಲ್ಲಿ ಈ ಎರಡರ ಅಂತರ ದೊಡ್ಡದು. ನನ್ನ ಬ್ಯಾಚಿನಲ್ಲಿ ಎರಡನೇ ಸಲ, ಮೂರನೇ ಸಲ ಫೀಸು ಕಟ್ಟಿ ಬೆಂಗಳೂರಿಗೆ ಬಸ್ ಹತ್ತುವವರು ಹೆಚ್ಚಾಗಿ ಈ ಗೆರೆಯ ಹತ್ತಿರ ನಿಂತವರೇ.

ಗೌರವ ಬೇರೆ, ದೂರ ಬೇರೆ

ಈಗ ಆ ಸಾಲಿಗೆ ಬರೋಣ. ‘ದಯವಿಟ್ಟು ಮಾಡು ರಿಪೇರಿ ಮಾಡಿಸಿ.’ ಕನ್ನಡದಲ್ಲಿ ಇದು ಓನರಿಗೆ ಹೇಳಬಹುದಾದ ಮಾತೇ. ಇದರಲ್ಲಿ ಗೌರವ ಎಲ್ಲಿದೆ? ‘ದಯವಿಟ್ಟು’ ತೆಗೆದು ನೋಡಿ. ‘ಮಾಡು ರಿಪೇರಿ ಮಾಡಿಸಿ.’ ಗೌರವ ಇನ್ನೂ ಉಳಿದಿದೆ. ಅದು ‘ಮಾಡಿಸಿ’ಯ ಕೊನೆಯ ‘ಇ’ಯಲ್ಲಿದೆ. ‘ಮಾಡಿಸು’ ಎಂದಿದ್ದರೆ ಕಥೆಯೇ ಬೇರೆ. ನಾವು ಬಹುವಚನ ಹಾಕಿದ ಕೂಡಲೇ ಅರ್ಧ ಮರ್ಯಾದೆ ತಾನಾಗಿ ಬಂದುಬಿಡುತ್ತದೆ.

ಇದೇ ಸಾಲನ್ನು ಇಂಗ್ಲಿಷಿಗೆ ದಾಟಿಸಿದಾಗ ಏನಾಗುತ್ತದೆ? ಇಂಗ್ಲಿಷಿನಲ್ಲಿ ‘ಯು’ ಒಂದೇ. ನಾಯಿಗೂ ಯು, ನ್ಯಾಯಾಧೀಶರಿಗೂ ಯು. ‘ರಿಪೇರ್’ ಎಂಬ ಕ್ರಿಯಾಪದಕ್ಕೆ ಬಹುವಚನದ ಬಾಲ ಇಲ್ಲ. ದಾರಿಯಲ್ಲಿ ಆ ‘ಇ’ ಉದುರಿಹೋಗುತ್ತದೆ. ಉಳಿಯುವುದು ಬರೀ ಅಪ್ಪಣೆ. ಅದರ ಮುಂದೆ ‘ಪ್ಲೀಸ್’ ಇಟ್ಟರೆ ‘ಪ್ಲೀಸ್’ ಇಟ್ಟ ಅಪ್ಪಣೆ ಆಗುತ್ತದೆ, ಅಷ್ಟೇ. ‘ಇಮ್ಮಿಡಿಯೇಟ್ಲಿ’ ಸೇರಿದರೆ ಇನ್ನೂ ಬಿಗಿ. ನಮ್ಮ ಹುಡುಗಿ ಬರೆದದ್ದು ‘ಮಾಡಿಸಿ’, ಓದುವವನಿಗೆ ಕೇಳಿಸಿದ್ದು ‘ಮಾಡಿಸು, ಬೇಗ’.

ಆ ಕೊರತೆ ಎಲ್ಲೋ ಮನಸ್ಸಿಗೆ ತಟ್ಟುವುದಕ್ಕೇ ಇರಬೇಕು, ನಾವು ಶುರುವಿನಲ್ಲೂ ಕೊನೆಯಲ್ಲೂ ಗೌರವವನ್ನು ಹೊರೆ ಹೊರೆ ಸುರಿಯುತ್ತೇವೆ. ರೆಸ್ಪೆಕ್ಟೆಡ್, ಎಸ್ಟೀಮ್ಡ್, ಬೆಗ್ ಟು ಸ್ಟೇಟ್, ಒಬೀಡಿಯೆಂಟ್ಲಿ. ‘ತಮ್ಮಲ್ಲಿ ವಿನಂತಿಸಿಕೊಳ್ಳುವುದೇನೆಂದರೆ’, ‘ಇಂತಿ ತಮ್ಮ ವಿಧೇಯ’ ಎಂಬ ಶಾಲೆಯ ಅರ್ಜಿಯ ನೆನಪು ಅದು. ಹಳೇ ಆಫೀಸು ಇಂಗ್ಲಿಷಿನಲ್ಲಿ ಇವೆಲ್ಲ ನಡೆಯುತ್ತಿತ್ತು, ಇಲ್ಲಿನ ಕಚೇರಿಗಳಲ್ಲಿ ಈಗಲೂ ನಡೆಯುತ್ತದೆ. ಆದರೆ ಬೇರೆ ಊರಿನ ಓದುಗನಿಗೆ ಅದು ವಿನಯವಾಗಿ ಕಾಣುವುದಿಲ್ಲ, ಹಳೇ ಕಾಲದ ವೇಷವಾಗಿ ಕಾಣುತ್ತದೆ.

ಇಂಗ್ಲಿಷ್ ಪತ್ರ ‘ಎಷ್ಟು ಗೌರವ’ ಎಂದು ಅಷ್ಟಾಗಿ ಅಳೆಯುವುದಿಲ್ಲ. ‘ಎಷ್ಟು ದೂರ’ ಎಂದು ಅಳೆಯುತ್ತದೆ. ಬರೆಯುವವನಿಗೂ ಓದುವವನಿಗೂ ಪರಿಚಯ ಎಷ್ಟು, ಸಲಿಗೆ ಎಷ್ಟು. ಕನ್ನಡದಲ್ಲಿ ಇವೆರಡೂ ಬೇರೆ ಬೇರೆ ಓಡುತ್ತವೆ. ಅತ್ತಿಗೆ ಮನೆಯೊಳಗೇ ಇರುತ್ತಾರೆ, ಹತ್ತಿರದವರು, ಆದರೂ ‘ನೀವು’. ಬಸ್ಸಿನಲ್ಲಿ ಪಕ್ಕ ಕೂತ ಅಪರಿಚಿತ ಹುಡುಗನಿಗೆ ‘ಸ್ವಲ್ಪ ಸರ್ಕೊಳೋ ಮಾರಾಯ’ ಎಂದುಬಿಡುತ್ತೇವೆ. ಹಾಗಾಗಿ ಪ್ರಶ್ನೆಯಲ್ಲಿ ‘ಮ್ಯಾನೇಜರ್’, ‘ಓನರ್’ ಎಂಬ ಪದ ಕಂಡ ತಕ್ಷಣ ನಮ್ಮ ಮನಸ್ಸು ಸ್ಥಾನ ನೋಡುತ್ತದೆ, ಪರಿಚಯ ನೋಡುವುದಿಲ್ಲ. ತಪ್ಪು ಶುರುವಾಗುವುದೇ ಅಲ್ಲಿ.

ಪ್ರಶ್ನೆಯೇ ದೂರ ಹೇಳುತ್ತದೆ

ಮ್ಯಾನೇಜರ್ ಎಂಬ ಪದವನ್ನೇ ತೆಗೆದುಕೊಳ್ಳಿ. ‘ನೀವು ಉಳಿದುಕೊಂಡಿದ್ದ ಹೋಟೆಲಿನ ಮ್ಯಾನೇಜರಿಗೆ ಬರೆಯಿರಿ’ ಎಂದರೆ ನೀವು ಆತನನ್ನು ಕಂಡಿಲ್ಲ, ಹೆಸರು ಗೊತ್ತಿಲ್ಲ. ಇದು ದೂರದ ಪತ್ರ, ಫಾರ್ಮಲ್. ‘ನಿಮ್ಮ ಮ್ಯಾನೇಜರಿಗೆ ಬರೆಯಿರಿ’ ಎಂದರೆ ದಿನಾ ಬೆಳಿಗ್ಗೆ ಮುಖ ನೋಡುವವರು. ಅಲ್ಲಿ ‘ಡಿಯರ್ ಸರ್ ಆರ್ ಮೇಡಮ್’ ಎಂದರೆ ತಮಾಷೆಯಾಗುತ್ತದೆ. ಇದು ನಡುವಿನ ಪತ್ರ, ಸೆಮಿ ಫಾರ್ಮಲ್. ಓನರು, ಪಕ್ಕದ ಮನೆಯವರು, ಮಗುವಿನ ಟೀಚರ್ ಇವರೂ ಸಾಮಾನ್ಯವಾಗಿ ಈ ನಡುವಿನ ಜಾಗಕ್ಕೆ ಬರುತ್ತಾರೆ. ಪರಿಚಯ ಇದೆ, ಹೆಗಲ ಮೇಲೆ ಕೈ ಹಾಕುವಷ್ಟಿಲ್ಲ.

ಪ್ರಶ್ನೆಯ ಕೆಳಗೆ ಪತ್ರ ಹೇಗೆ ಶುರುವಾಗಬೇಕೆಂದು ಅಚ್ಚಾಗಿರುತ್ತದೆ. ‘ಡಿಯರ್ ಸರ್ ಆರ್ ಮೇಡಮ್’ ಎಂದಿದ್ದರೆ ಫಾರ್ಮಲ್, ಯೋಚನೆಯೇ ಬೇಡ. ‘ಡಿಯರ್’ ಎಂದು ಬರೆದು ಮುಂದೆ ಚುಕ್ಕಿಗಳಿದ್ದರೆ ಹೆಸರು ನೀವೇ ತುಂಬಬೇಕು. ಆ ಚುಕ್ಕಿಗಳು ಸ್ನೇಹಿತನದೂ ಆಗಬಹುದು, ಓನರದೂ ಆಗಬಹುದು. ಆಗ ಮೇಲಿನ ಸನ್ನಿವೇಶವನ್ನು ಇನ್ನೊಮ್ಮೆ ಓದಬೇಕು.

ಹೆಸರು ತುಂಬುವುದರಲ್ಲೂ ನಮಗೊಂದು ಕಷ್ಟ ಇದೆ. ‘ಮಿಸ್ಟರ್’ ಮುಂದೆ ಬರಬೇಕಾದ್ದು ಮನೆತನದ ಹೆಸರು. ನಮ್ಮಲ್ಲಿ ಎಷ್ಟೋ ಜನಕ್ಕೆ ಅದೇ ಇಲ್ಲ. ಊರಿನ ಅಕ್ಷರ, ಅಪ್ಪನ ಅಕ್ಷರ, ಆಮೇಲೆ ಹೆಸರು. ಜತೆಗೆ ನಾವು ‘ಮಂಜುನಾಥ್ ಸರ್’ ಎಂದು ಕರೆದು ರೂಢಿ. ಹೀಗಾಗಿ ‘ಮಿಸ್ಟರ್ ಜಾನ್’ ಎಂದು ಬರೆದುಬಿಡುತ್ತಾರೆ. ಇಂಗ್ಲಿಷಿನವರಿಗೆ ಜಾನ್ ಎಂದರೆ ಸಲಿಗೆ, ಮಿಸ್ಟರ್ ಎಂದರೆ ದೂರ, ಎರಡೂ ಒಟ್ಟಿಗೆ ಹೋಗುವುದಿಲ್ಲ. ನಾನು ಮಕ್ಕಳಿಗೆ ಹೇಳುವ ಸುಲಭ ದಾರಿ ಎಂದರೆ ಮಲೆನಾಡಿನ ಹೆಸರೇ ಹಾಕಿ. ಹೆಗಡೆ, ಭಟ್, ಶೆಟ್ಟಿ. ‘ಡಿಯರ್ ಮಿಸ್ಟರ್ ಹೆಗಡೆ’ ಅಚ್ಚುಕಟ್ಟಾಗಿ ಕೂರುತ್ತದೆ. ವಿದೇಶಿ ಹೆಸರೇ ಬೇಕೆಂಬ ನಿಯಮ ಇಲ್ಲ.

ಶುರು ಹೇಗಿದೆಯೋ ಕೊನೆಯೂ ಹಾಗೇ. ಬ್ರಿಟಿಷ್ ಪದ್ಧತಿಯಲ್ಲಿ ಹೆಸರಿಲ್ಲದ ‘ಸರ್ ಆರ್ ಮೇಡಮ್’ಗೆ ‘ಯುವರ್ಸ್ ಫೇತ್‌ಫುಲ್ಲಿ’, ‘ಮಿಸ್ಟರ್ ಹೆಗಡೆ’ಗೆ ‘ಯುವರ್ಸ್ ಸಿನ್ಸಿಯರ್ಲಿ’ ಅಥವಾ ‘ಕೈಂಡ್ ರಿಗಾರ್ಡ್ಸ್’, ‘ಡಿಯರ್ ರವಿ’ಗೆ ‘ಬೆಸ್ಟ್ ವಿಶಸ್’. ಇದನ್ನು ಬಾಯಿಪಾಠ ಮಾಡಿದರೆ ಮುಗಿಯಿತು. ಆದರೆ ಧಾಟಿ ಎಂದರೆ ಇಷ್ಟೇ ಎಂದು ತುಂಬ ಜನ ನಂಬಿದ್ದಾರೆ. ಟೋಪಿ, ಚಪ್ಪಲಿ ಸರಿಯಾಗಿ ಹಾಕಿ ನಡುವೆ ಏನು ಉಟ್ಟರೂ ನಡೆಯುತ್ತದೆ ಎಂದ ಹಾಗೆ. ಓದುವವರು ಪತ್ರದ ಹೊಟ್ಟೆಯನ್ನೂ ಓದುತ್ತಾರಲ್ವಾ?

ಸೋರುವ ಮಾಡು, ಎರಡನೇ ಸಲ ಮತ್ತು ಮೂರನೇ ಸಲ

ನಾನು ಅವಳಿಗೆ “ಇದು ಅರ್ಜಿ ಆಯ್ತಮ್ಮ, ಪತ್ರ ಬರಿ” ಎಂದೆ. ಮರುದಿನ ಇನ್ನೊಂದು ಬರೆದು ತಂದಳು. ಈ ಸಲ ಇನ್ನೊಂದು ತುದಿಗೆ ಹೋಗಿದ್ದಳು. ‘ಹಾಯ್ ಮಿಸ್ಟರ್ ಹೆಗಡೆ, ಹೋಪ್ ಯು ಆರ್ ಡೂಯಿಂಗ್ ಗ್ರೇಟ್!’ ಆಮೇಲೆ ಮಾಡು ‘ಲೈಕ್ ಕ್ರೇಜಿ’ ಸೋರುತ್ತಿದೆ. ‘ಪ್ಲೀಸ್ ಸೆಂಡ್ ಸಮ್‌ಬಡಿ’. ಇಲ್ಲದಿದ್ದರೆ ಬಾಡಿಗೆ ಕೊಡುವುದಿಲ್ಲ. ಕೊನೆಗೆ ‘ಯುವರ್ಸ್ ಫೇತ್‌ಫುಲ್ಲಿ’. ಒಂದೇ ಪುಟದಲ್ಲಿ ಸ್ನೇಹಿತೆ, ಜಗಳಗಂಟಿ, ಅಪರಿಚಿತಳು ಮೂವರೂ ಇದ್ದರು. 6ರ ವಿವರಣೆಯಲ್ಲಿ ‘ಧಾಟಿ ತಪ್ಪಿರಬಹುದು’ ಎನ್ನುವುದು ಇಂಥದ್ದಕ್ಕೇ.

ಮೂರನೇ ಸಲ ನಾವಿಬ್ಬರೂ ಕೂತು ಒಂದೊಂದೇ ಸಾಲು ಕಟ್ಟಿದೆವು.

ಮೊದಲ ಸಾಲಿಗೆ ಕುಶಲ ವಿಚಾರಣೆ ಬೇಡ. ಪರಿಚಯದವರಿಗೆ ಕೆಲಸದ ಮೇಲೆ ಬರೆಯುವಾಗ ನೇರ ವಿಷಯಕ್ಕೆ ಬರುವುದೇ ಇಂಗ್ಲಿಷಿನಲ್ಲಿ ಸಭ್ಯತೆ. ‘ಐ ಆಮ್ ರೈಟಿಂಗ್ ಅಬೌಟ್ ದ ಕಿಚನ್ ಸೀಲಿಂಗ್, ವಿಚ್ ಹ್ಯಾಸ್ ಬೀನ್ ಲೀಕಿಂಗ್ ಸಿನ್ಸ್ ಲಾಸ್ಟ್ ಥರ್ಸ್‌ಡೇ.’ ಯಾವುದರ ಬಗ್ಗೆ, ಯಾವಾಗಿನಿಂದ, ಎರಡೂ ಬಂತು. ‘ಐ ಆಮ್’ ಎಂದು ಬಿಡಿಸಿಯೇ ಬರೆದೆವು. ‘ಐಮ್’, ‘ಡೋಂಟ್’, ‘ಕಾಂಟ್’ ಎಂದು ಕೂಡಿಸಿ ಬರೆಯುವುದು ಸ್ನೇಹಿತರ ಪತ್ರದ ಗುರುತು. ನಡುವಿನ ಪತ್ರದಲ್ಲಿ ಒಂದೆರಡು ಬಂದರೆ ಆಕಾಶ ಬೀಳುವುದಿಲ್ಲ. ಬಿಡಿಸಿ ಬರೆದರೆ ಚಿಂತೆಯೇ ಇಲ್ಲ.

ಮುಂದಿನ ಸಾಲು ನನಗೆ ಇಷ್ಟವಾದದ್ದು. ಅವಳೇ ಹೇಳಿದ್ದು. “ಸರ್, ಹೋದ ವರ್ಷ ಅವರು ಒಂದ್ಸಲ ಹೆಂಚು ಸರಿ ಮಾಡ್ಸಿದ್ರು ಅಂತ ಹಾಕ್ಲಾ?” ಹಾಕು ಎಂದೆ. ಹೋದ ವರ್ಷ ನೀವು ಮಾಡು ರಿಪೇರಿ ಮಾಡಿಸಿದ್ದು ನನಗೆ ನೆನಪಿದೆ, ಆದರೆ ಈ ಸಲದ ಮಳೆಗೆ ಒಲೆಯ ಮೇಲಿನ ಮೂಲೆಯಲ್ಲಿ ಮತ್ತೆ ನೀರು ಬರುತ್ತಿದೆ. ಈ ಒಂದು ವಾಕ್ಯ ಮಾಡುವ ಕೆಲಸ ನೋಡಿ. ಇಬ್ಬರಿಗೂ ಪರಿಚಯ ಇದೆ ಎಂದು ತೋರಿಸುತ್ತದೆ. ದೂರು ಮೆತ್ತಗಾಗುತ್ತದೆ. ಸಮಸ್ಯೆ ಎಲ್ಲಿದೆ ಎಂಬ ವಿವರವೂ ಸಿಗುತ್ತದೆ. ಹೆಸರೇ ಗೊತ್ತಿಲ್ಲದ ಹೋಟೆಲ್ ಮ್ಯಾನೇಜರಿಗೆ ಹೀಗೆ ಬರೆಯಲು ಬರುವುದಿಲ್ಲ. ನಡುವಿನ ಪತ್ರಕ್ಕೆ ಸಲಿಗೆ ಬರುವುದು ‘ಹಾಯ್’ನಿಂದ ಅಲ್ಲ, ಇಂಥ ಹಂಚಿಕೊಂಡ ಸಂಗತಿಯಿಂದ.

ತೊಂದರೆ ಹೇಳುವಲ್ಲಿ ಅವಳು ‘ಐ ಆಮ್ ಸಫರಿಂಗ್ ಎ ಲಾಟ್’ ಎಂದು ಬರೆದಿದ್ದಳು. ಗೋಳು ಜಾಸ್ತಿ, ಸುದ್ದಿ ಕಮ್ಮಿ. ಅದನ್ನು ತೆಗೆದು ನಡೆದದ್ದನ್ನು ಬರೆದೆವು. ನೀರು ಸ್ವಿಚ್ ಬೋರ್ಡಿನ ಹತ್ತಿರ ಇಳಿಯುತ್ತಿದೆ, ಹಾಗಾಗಿ ಅಡುಗೆಮನೆಯ ದೀಪ ಹಾಕಲು ಭಯ, ಎರಡು ರಾತ್ರಿ ಹೊರಗಡೆ ಊಟ ಮಾಡಬೇಕಾಯಿತು. ಇದರ ಶುರುವಿಗೆ ‘ಐ ಆಮ್ ಅಫ್ರೇಡ್’ ಎಂದು ಸೇರಿಸಿದೆವು. ಇದು ನಿಜವಾದ ಹೆದರಿಕೆಯ ಮಾತಲ್ಲ. ಬೇಸರದ ಸುದ್ದಿ ಹೇಳುವ ಮುಂಚೆ ನಾವು ‘ಏನ್ ಹೇಳೋದು ಅಂದ್ರೆ’ ಎಂದು ಗಂಟಲು ಸರಿಮಾಡಿಕೊಳ್ಳುತ್ತೇವಲ್ಲ, ಅದರ ಇಂಗ್ಲಿಷ್ ರೂಪ. ಬಾಡಿಗೆ ಕೊಡುವುದಿಲ್ಲ ಎಂಬ ಬೆದರಿಕೆ ಹೋಯಿತು. ಪ್ರಶ್ನೆ ಅದನ್ನು ಕೇಳಿಯೇ ಇರಲಿಲ್ಲ.

ಆಮೇಲೆ ಬಂತು ಕೇಳಿಕೆಯ ಸಾಲು. ‘ಪ್ಲೀಸ್ ರಿಪೇರ್’ ಇದ್ದ ಜಾಗ.

ಅಂಗಡಿಯ ‘ಬೇಕಿತ್ತು’

ಕ್ರಿಯಾಪದಕ್ಕೆ ಬಹುವಚನದ ಬಾಲ ಇಲ್ಲದ ಇಂಗ್ಲಿಷ್ ಏನು ಮಾಡುತ್ತದೆ? ಅಪ್ಪಣೆಯನ್ನು ಪ್ರಶ್ನೆ ಮಾಡುತ್ತದೆ, ಮತ್ತು ಈಗಿನ ಮಾತನ್ನು ಭೂತಕಾಲದ ರೂಪಕ್ಕೆ ತಳ್ಳುತ್ತದೆ. ‘ಕ್ಯಾನ್ ಯು’ ಎನ್ನುವುದಕ್ಕಿಂತ ‘ಕುಡ್ ಯು’ ಒಂದು ಮೆಟ್ಟಿಲು ದೂರ. ‘ವಿಲ್’ಗಿಂತ ‘ವುಡ್’ ದೂರ. ‘ಐ ವಾಂಟ್ ಟು ಆಸ್ಕ್’ ಎನ್ನುವುದಕ್ಕಿಂತ ‘ಐ ವಾಂಟೆಡ್ ಟು ಆಸ್ಕ್’ ಮೆತ್ತಗೆ. ಇದನ್ನು ವ್ಯಾಕರಣದ ಪುಸ್ತಕದಿಂದ ಹೇಳಿದರೆ ಮಕ್ಕಳಿಗೆ ತಲೆಗೆ ಹೋಗುವುದಿಲ್ಲ. ಕೇಳಬೇಕೆಂದಿರುವುದು ಈಗ, ಭೂತಕಾಲ ಯಾಕೆ ಎಂದು ಕೇಳುತ್ತಾರೆ.

ನಾನು ಅವರಿಗೆ ಗಾಂಧಿ ಬಜಾರಿನ ಅಂಗಡಿ ನೆನಪಿಸುತ್ತೇನೆ. ಅಂಗಡಿಗೆ ಹೋಗಿ ಏನೆನ್ನುತ್ತೇವೆ? “ಅರ್ಧ ಕೆಜಿ ಬೆಲ್ಲ ಬೇಕಿತ್ತು.” ಬೇಕಿರುವುದು ಈಗ. ಆದರೂ ‘ಬೇಕಿತ್ತು’. ಸಾಹುಕಾರರ ಹತ್ತಿರ ಹೋಗಿ “ಸ್ವಲ್ಪ ಅಡ್ವಾನ್ಸ್ ಬೇಕಿತ್ತು” ಎನ್ನುತ್ತೇವೆ. ‘ಬೇಕು’ ಎಂದರೆ ಎದುರಿನವರ ಮೇಲೆ ಬಿದ್ದ ಹಾಗೆ. ‘ಬೇಕಿತ್ತು’ ಎಂದರೆ ಅವರು ಇಲ್ಲ ಎನ್ನುವುದಕ್ಕೂ ಜಾಗ ಇದೆ. “ನೀವೊಂದು ಮಾತು ಹೇಳಿದ್ರೆ ಒಳ್ಳೇದಿತ್ತು” ಎನ್ನುವುದೂ ಇದೇ. ಮುಂದೆ ಹೇಳಬೇಕಾದ ಮಾತನ್ನು ಹಿಂದೆ ಆದದ್ದರಂತೆ ಹೇಳುತ್ತೇವೆ. ಇಂಗ್ಲಿಷಿನ ‘ಐ ವುಡ್ ಬಿ ಗ್ರೇಟ್‌ಫುಲ್ ಇಫ್ ಯು ಕುಡ್’ ಕೂಡ ಇಷ್ಟೇ. ನಮ್ಮ ‘ಬೇಕಿತ್ತು’ವಿನ ಉದ್ದನೆಯ ತಮ್ಮ.

ಹಾಗಾದರೆ ಎಷ್ಟು ಉದ್ದ ಬೇಕು? ಅದು ಎರಡರ ಮೇಲೆ ನಿಲ್ಲುತ್ತದೆ. ಒಂದು ಪರಿಚಯದ ದೂರ, ಇನ್ನೊಂದು ಕೇಳುತ್ತಿರುವುದರ ಭಾರ. ಸ್ನೇಹಿತನಿಗೆ ಫೋನ್ ನಂಬರ್ ಕೇಳಲು ‘ಕ್ಯಾನ್ ಯು ಸೆಂಡ್ ಮಿ’ ಸಾಕು. ಅದೇ ಸ್ನೇಹಿತನ ಮನೆಯಲ್ಲಿ ಎರಡು ವಾರ ಉಳಿಯಬೇಕಿದ್ದರೆ ‘ವುಡ್ ಇಟ್ ಬಿ ಓಕೆ ಇಫ್ ಐ ಸ್ಟೇಡ್’ ಎಂದು ಅವನಿಗೂ ಸ್ವಲ್ಪ ಸುತ್ತಿಯೇ ಕೇಳಬೇಕು. ಓನರಿಗೆ ಮಾಡು ರಿಪೇರಿ ಮಾಡಿಸಿ ಎನ್ನುವುದು ದೊಡ್ಡ ಉಪಕಾರವೇನಲ್ಲ, ಅದು ಅವರ ಕೆಲಸವೇ. ಹಾಗಾಗಿ ‘ಗ್ರೇಟ್‌ಫುಲ್’ವರೆಗೆ ಹತ್ತಬೇಕಿಲ್ಲ. ‘ವುಡ್ ಇಟ್ ಬಿ ಪಾಸಿಬಲ್ ಟು ಸೆಂಡ್ ಸಮ್‌ಒನ್ ದಿಸ್ ವೀಕ್?’ ಎಂದು ಬರೆದೆವು. ಅದರ ಹಿಂದೆಯೇ ‘ವಾರದ ದಿನಗಳಲ್ಲಿ ನಾಲ್ಕು ಗಂಟೆಯ ನಂತರ ಮನೆಯಲ್ಲಿರುತ್ತೇನೆ’ ಎಂಬ ಸಾಲು. ‘ಇಮ್ಮಿಡಿಯೇಟ್ಲಿ’ ಎಂದು ಕಿರುಚುವ ಬದಲು ದಿನ, ಹೊತ್ತು ಕೊಟ್ಟರೆ ಅವಸರ ತಾನೇ ತಿಳಿಯುತ್ತದೆ. ಎಲ್ಲ ಸೇರಿ 160 ಪದದ ಹತ್ತಿರ ಬಂತು. ‘ಯುವರ್ಸ್ ಸಿನ್ಸಿಯರ್ಲಿ’, ಕೆಳಗೆ ಪೂರ್ತಿ ಹೆಸರು.

ಪದಗಳ ಬಗ್ಗೆ ಒಂದು ಮಾತು. ಫಾರ್ಮಲ್ ಎಂದರೆ ದೊಡ್ಡ ಪದ ಎಂದು ಕೆಲವರು ನಿಘಂಟು ಹಿಡಿದು ಕೂರುತ್ತಾರೆ. ಬೇಡ. ‘ಗೆಟ್’ ಜಾಗದಲ್ಲಿ ‘ರಿಸೀವ್’, ‘ಫಿಕ್ಸ್’ ಜಾಗದಲ್ಲಿ ‘ರಿಪೇರ್’, ‘ಸಾರಿ’ ಜಾಗದಲ್ಲಿ ‘ಅಪಾಲಜೈಸ್’ ಇದ್ದರೆ ಸಾಕು. ದೊಡ್ಡ ಪದ ತಪ್ಪಾಗಿ ಕೂತರೆ ಪದಗಳ ಅಂಕವೂ ಹೋಗುತ್ತದೆ.

ಸ್ನೇಹಿತನ ಪತ್ರ ಸುಲಭ ಅಂತೀರಾ?

ಫಾರ್ಮಲ್ ಪತ್ರ ಹೇಗೋ ಬರೆದು ಮುಗಿಸುವವರು ಸ್ನೇಹಿತನಿಗೆ ಬರೆಯುವಾಗ ಎಡವುತ್ತಾರೆ. ಕಾರಣ ಸರಳ. ಕ್ಲಾಸಿನಲ್ಲಿ ಬಾಯಿಪಾಠ ಮಾಡಿದ್ದೆಲ್ಲ ಫಾರ್ಮಲ್ ಸಾಲುಗಳೇ. ಸಾಗರದ ಒಬ್ಬ ಹುಡುಗ ಆಸ್ಟ್ರೇಲಿಯಾದ ಗೆಳೆಯನನ್ನು ಅಕ್ಕನ ಮದುವೆಗೆ ಕರೆಯುವ ಪತ್ರ ಬರೆದ. ‘ಐ ಆಮ್ ರೈಟಿಂಗ್ ಟು ಇನ್‌ಫಾರ್ಮ್ ಯು’ ಎಂದು ಶುರು, ‘ಐ ಲುಕ್ ಫಾರ್ವರ್ಡ್ ಟು ಯುವರ್ ಪ್ರಾಂಪ್ಟ್ ರೆಸ್ಪಾನ್ಸ್’ ಎಂದು ಕೊನೆ. ಮದುವೆಗೆ ಕರೆದ ಹಾಗಿರಲಿಲ್ಲ, ಕೋರ್ಟಿಗೆ ಕರೆದ ಹಾಗಿತ್ತು.

ಇನ್ನು ಕೆಲವರು ‘ನಾನಿಲ್ಲಿ ಕ್ಷೇಮ, ನೀನೂ ಕ್ಷೇಮವೆಂದು ನಂಬಿದ್ದೇನೆ’ ಎಂಬ ಹಳೇ ಸಾಲನ್ನು ಇಂಗ್ಲಿಷ್ ಮಾಡಿ ಇಪ್ಪತ್ತು ಪದ ಅದಕ್ಕೇ ಖರ್ಚು ಮಾಡುತ್ತಾರೆ. ಅದರ ಬದಲು ಇಬ್ಬರಿಗೂ ಗೊತ್ತಿರುವ ಒಂದು ಸಂಗತಿಯಿಂದ ಶುರು ಮಾಡಿ ಎಂದು ಹೇಳುತ್ತೇನೆ. ಆ ಹುಡುಗ ಆಮೇಲೆ ಬರೆದದ್ದು ಹೀಗಿತ್ತು: ಜೋಗಕ್ಕೆ ಹೋದಾಗ ಮಂಜು ಮುಚ್ಚಿಕೊಂಡು ಏನೂ ಕಾಣದೆ ವಾಪಸ್ ಬಂದಿದ್ದು ನೆನಪಿದೆಯಾ, ಈ ಸಲ ಬಂದರೆ ಜಲಪಾತ ತೋರಿಸುತ್ತೇನೆ, ಜತೆಗೆ ಮದುವೆ ಊಟವೂ ಇದೆ. ಸಲಿಗೆ ತಾನಾಗಿ ಬಂತು, ಬರಲು ಕಾರಣವೂ ಬಂತು.

ಇಲ್ಲಿ ಕೂಡಿಸಿ ಬರೆಯುವ ‘ಐಮ್’, ‘ಕಾಂಟ್’ ಎಲ್ಲ ಸಲ್ಲುತ್ತವೆ, ಇರಲೇಬೇಕು ಎನ್ನುವಷ್ಟು. ಆದರೆ ವಾಟ್ಸಾಪಿನ ಭಾಷೆ ಬೇಡ. ‘ಯು’ ಎನ್ನುವುದಕ್ಕೆ ಒಂದೇ ಅಕ್ಷರ, ನಗುವ ಮುಖ, ಪೂರ್ಣವಿರಾಮವೇ ಇಲ್ಲದ ಸಾಲು ಇವು ಪರೀಕ್ಷೆಗೆ ಹೊಂದುವುದಿಲ್ಲ. ಸಲಿಗೆಯ ಪತ್ರವೂ ಪತ್ರವೇ. ಅದಕ್ಕೂ ಪ್ಯಾರಾ ಬೇಕು, ಪೂರ್ತಿ ವಾಕ್ಯ ಬೇಕು.

ಜರ್ಮನ್ ಕಲಿಯುವವರಿಗೆ ಈ ಇಡೀ ಕಥೆ ತಿರುಗಿಬೀಳುತ್ತದೆ. ನಮ್ಮ ನರ್ಸ್‌ಗಳಲ್ಲಿ ಕೆಲವರು ಗೋಯೆಥೆ ಸಂಸ್ಥೆಯ ಬಿ1 ಪರೀಕ್ಷೆಗೆ ಓದುತ್ತಾರೆ. ಅಲ್ಲಿ ಬರವಣಿಗೆಯಲ್ಲಿ ಮೂರು ಭಾಗ, 60 ನಿಮಿಷ. ಮೊದಲನೆಯದು ಗೆಳೆಯರಿಗೆ ಸುಮಾರು 80 ಪದದ ಮೇಲ್, ಮೂರನೆಯದು ಟೀಚರಂಥವರಿಗೆ ಸುಮಾರು 40 ಪದದ ಮೇಲ್. ಜರ್ಮನ್‌ನಲ್ಲಿ ‘ಡೂ’ ಎಂದರೆ ನೀನು, ‘ಜೀ’ ಎಂದರೆ ನೀವು, ಕ್ರಿಯಾಪದವೂ ಅದಕ್ಕೆ ತಕ್ಕಂತೆ ಬದಲಾಗುತ್ತದೆ. ಥೇಟ್ ಕನ್ನಡ. ಹಾಗಾಗಿ ಯಾರಿಗೆ ಯಾವುದು ಎಂಬ ಗೊಂದಲ ನಮ್ಮವರಿಗೆ ಕಡಿಮೆ. ಆದರೆ ಅಲ್ಲಿ ಬೇರೆ ಹಳ್ಳ ಇದೆ. ಶುರುವಿನಲ್ಲಿ ‘ಜೀ’ ಎಂದವರು ನಾಲ್ಕನೇ ಸಾಲಿನಲ್ಲಿ ‘ನಿಮ್ಮ’ ಎನ್ನುವ ‘ಈರ್’ ಬದಲು ‘ನಿನ್ನ’ ಎನ್ನುವ ‘ಡೈನ್’ ಬರೆದಿರುತ್ತಾರೆ. ‘ನೀವು ನಿನ್ನ ಪುಸ್ತಕ ಮರೆತಿದ್ದೀರಿ’ ಎಂದ ಹಾಗೆ. 40 ಪದದಲ್ಲಿ ಅದು ಮುಚ್ಚಿಕೊಳ್ಳಲು ಜಾಗವೇ ಇಲ್ಲ.

ಮತ್ತೆ ನಮ್ಮ ಇಂಗ್ಲಿಷ್ ಪತ್ರಕ್ಕೆ ಬಂದರೆ, ಧಾಟಿ ತಪ್ಪುವ ಜಾಗ ಹೆಚ್ಚುಕಡಿಮೆ ಗೊತ್ತಿರುವುದೇ. ಶುರುವಿನಲ್ಲಿ ಎಲ್ಲರೂ ಎಚ್ಚರವಾಗಿರುತ್ತಾರೆ. ಮೂರನೇ ವಿಷಯಕ್ಕೆ ಬರುವಾಗ ಗಡಿಯಾರ ನೋಡುತ್ತಾರೆ, ಕೈ ಓಡುತ್ತದೆ, ಬಾಯಿಪಾಠದ ಸಾಲು ಬಂದು ಕೂರುತ್ತದೆ. ಆ ಮೂರನೇ ವಿಷಯ ಎಷ್ಟೋ ಸಲ ಕೇಳಿಕೆಯೇ ಆಗಿರುತ್ತದೆ. ಅದಕ್ಕೇ ಕೊನೆಯ ಎರಡು ನಿಮಿಷದಲ್ಲಿ ಇಡೀ ಪತ್ರ ಓದಬೇಡಿ ಎನ್ನುತ್ತೇನೆ. ಮೊದಲ ಎರಡು ಸಾಲು ಓದಿ, ನಡುವೆ ಬಿಟ್ಟು ಕೊನೆಯ ಮೂರು ಸಾಲು ಓದಿ. ಒಬ್ಬರೇ ಬರೆದ ಹಾಗಿದೆಯಾ? ಆಮೇಲೆ ಎದುರಿನವರಿಂದ ಏನನ್ನಾದರೂ ಕೇಳಿರುವ ವಾಕ್ಯ ಹುಡುಕಿ. ಅದು ಕ್ರಿಯಾಪದದಿಂದಲೋ ‘ಪ್ಲೀಸ್’ನಿಂದಲೋ ಶುರುವಾಗಿದ್ದರೆ ಅಲ್ಲಿ ಪೆನ್ ನಿಲ್ಲಿಸಿ.

ನಮ್ಮ ತೀರ್ಥಹಳ್ಳಿ ಹುಡುಗಿ ಕೊನೆಯ ಮಾಕ್ ಟೆಸ್ಟಿನಲ್ಲಿ ಹೀಗೇ ಓದುತ್ತಿದ್ದಳು. ಈ ಸಲ ಮಗುವಿನ ಟೀಚರಿಗೆ ಪತ್ರ. ಕೊನೆಯ ಸಾಲಿನಲ್ಲಿ ‘ಪ್ಲೀಸ್ ಕಾಲ್ ಮಿ’ ಸಿಕ್ಕಿತು. ಪೆನ್ ಹಿಡಿದು ಅದನ್ನು ಹೊಡೆದಳು, ಸ್ವಲ್ಪ ಯೋಚಿಸಿದಳು. ತಲೆ ಎತ್ತಿ “ಸರ್, ಇಲ್ಲಿ ಬೇಕಿತ್ತು ಹಾಕ್ಬೇಕಿತ್ತು” ಎಂದಳು.